‘ಪರಿಶೀಲಿಸಲಾಗಿ ತಿರಸ್ಕರಿಸಲಾಗಿದೆ’: ಆದೇಶದಲ್ಲಿ ಕಾಣೆಯಾಗುವ ಕಾರಣ

ಸರ್ಕಾರಿ ಕಚೇರಿಯಿಂದ ಹಿಂಬರಹ ಪಡೆದವರಿಗೆಲ್ಲ ಈ ಸಾಲು ಪರಿಚಿತ: ‘ಉಲ್ಲೇಖಿತ ಅರ್ಜಿಯನ್ನು ಪರಿಶೀಲಿಸಲಾಗಿ, ನಿಯಮಾನುಸಾರ ಅವಕಾಶವಿರುವುದಿಲ್ಲವಾದ್ದರಿಂದ ಸದರಿ ಅರ್ಜಿಯನ್ನು ತಿರಸ್ಕರಿಸಿ ವಿಲೇ ಮಾಡಲಾಗಿದೆ.’ ಮೇಲೆ ಕಡತದ ಸಂಖ್ಯೆ ಇರುತ್ತದೆ, ಕೆಳಗೆ ಸಹಿ ಮತ್ತು ಮೊಹರು ಇರುತ್ತವೆ. ನೋಡುವುದಕ್ಕೆ ಆದೇಶವೇ. ಆದರೆ ಯಾವ ನಿಯಮ, ಆ ನಿಯಮ ಏನು ಹೇಳುತ್ತದೆ, ಅರ್ಜಿದಾರರ ಯಾವ ಸಂಗತಿ ಅದಕ್ಕೆ ಅಡ್ಡ ಬಂತು ಎಂದು ಹುಡುಕಿದರೆ ಒಂದಕ್ಕೂ ಉತ್ತರ ಸಿಗುವುದಿಲ್ಲ. ‘ಪರಿಶೀಲಿಸಲಾಗಿ’ ಎಂಬ ಪದಕ್ಕೂ ‘ತಿರಸ್ಕರಿಸಿ’ ಎಂಬ ಪದಕ್ಕೂ ನಡುವೆ ಇರಬೇಕಾಗಿದ್ದದ್ದೇ ಅಲ್ಲಿಲ್ಲ.

ಇಂಥ ಆದೇಶ ಕೈಗೆ ಬಂದಾಗ ಹೆಚ್ಚಿನವರು ‘ಅರ್ಜಿ ಬಿದ್ದುಹೋಯಿತು’ ಎಂದುಕೊಂಡು ಸುಮ್ಮನಾಗುತ್ತಾರೆ. ಕಾನೂನಿನ ಕಣ್ಣಲ್ಲಿ ಮಾತ್ರ ಬಲಹೀನವಾಗಿರುವುದು ಆ ಆದೇಶವೇ. ಒಬ್ಬರ ಹಕ್ಕು ಅಥವಾ ಜೀವನೋಪಾಯಕ್ಕೆ ಪೆಟ್ಟು ಕೊಡುವ ಆದೇಶ ತನ್ನ ಕಾರಣವನ್ನು ತಾನೇ ಹೇಳಬೇಕು, ಹೇಳದಿದ್ದರೆ ಅಷ್ಟರಿಂದಲೇ ಅದು ರದ್ದಾಗಬಹುದು. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 1990ರಲ್ಲಿ ಎಸ್.ಎನ್. ಮುಖರ್ಜಿ ಪ್ರಕರಣದಲ್ಲಿ ಇದನ್ನು ನಿಚ್ಚಳವಾಗಿ ಹೇಳಿತು. ನ್ಯಾಯಿಕ ಸ್ವರೂಪದ ತೀರ್ಮಾನ ಕೊಡುವ ಆಡಳಿತಾಧಿಕಾರಿ, ಕಾಯ್ದೆಯೇ ವಿನಾಯಿತಿ ಕೊಟ್ಟಿಲ್ಲದಿದ್ದರೆ, ಕಾರಣ ದಾಖಲಿಸಲೇಬೇಕು. ಆ ಆದೇಶಕ್ಕೆ ಮೇಲ್ಮನವಿ ಇದೆಯೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ. ನ್ಯಾಯಾಲಯದ ತೀರ್ಪಿನಷ್ಟು ವಿಸ್ತಾರವಾಗಿ ಬರೆಯಬೇಕೆಂದೂ ಇಲ್ಲ. ವಿವಾದದ ಅಂಶಗಳನ್ನು ಅಧಿಕಾರಿ ನಿಜವಾಗಿ ಗಮನಿಸಿದ್ದಾರೆ ಎಂಬುದು ಓದಿದವರಿಗೆ ಸ್ಪಷ್ಟವಾದರೆ ಸಾಕು.

ನಿಯಮ ಇಷ್ಟು ಹಳೆಯದಾದರೂ ಈಗ ಮತ್ತೆ ಮಾತಿಗೆ ಬರುತ್ತಿರುವುದಕ್ಕೆ ಜಿಎಸ್‌ಟಿ ನೋಂದಣಿ ರದ್ದತಿಯ ಆದೇಶಗಳು ಒಂದು ದೊಡ್ಡ ಕಾರಣ. ಕೆಲವು ವರ್ಷಗಳಿಂದ ದೆಹಲಿ, ಗುಜರಾತ್, ಅಲಹಾಬಾದ್ ಹೈಕೋರ್ಟ್‌ಗಳು ಇವನ್ನು ಒಂದರ ಮೇಲೊಂದರಂತೆ ರದ್ದು ಮಾಡುತ್ತ ಬಂದಿವೆ. ತಪ್ಪು ಎಲ್ಲಿ ಆಗುತ್ತದೆ ಎಂಬುದು ಈ ಆದೇಶಗಳಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ಅಪರೂಪ. ಹಾಗಾಗಿ ಒಂದನ್ನು ಹತ್ತಿರದಿಂದ ನೋಡೋಣ.

ತಾಲ್ಲೂಕು ಕೇಂದ್ರದ ಒಂದು ಹಾರ್ಡ್‌ವೇರ್ ಅಂಗಡಿಯನ್ನು ಊಹಿಸಿಕೊಳ್ಳಿ. ಜಿಎಸ್‌ಟಿ ಜಾರಿಯಾದ 2017ರ ಜುಲೈ 1ರಿಂದಲೂ ಅದಕ್ಕೆ ನೋಂದಣಿ ಇದೆ. ಒಂದು ದಿನ ಪೋರ್ಟಲ್‌ನಲ್ಲಿ REG-17 ನಮೂನೆಯ ನೋಟಿಸ್ ಕಾಣಿಸಿಕೊಳ್ಳುತ್ತದೆ. ಅದರಲ್ಲಿರುವುದು ಒಂದೇ ಆರೋಪ: ‘ವಂಚನೆ, ಉದ್ದೇಶಪೂರ್ವಕ ತಪ್ಪು ಹೇಳಿಕೆ ಅಥವಾ ಸಂಗತಿಗಳನ್ನು ಮುಚ್ಚಿಟ್ಟು ನೋಂದಣಿ ಪಡೆಯಲಾಗಿದೆ.’ ಇದು ಅಧಿಕಾರಿ ತಾವಾಗಿ ಬರೆದ ವಾಕ್ಯವಲ್ಲ. ನೋಂದಣಿ ರದ್ದು ಮಾಡಲು ಕಾಯ್ದೆಯ 29ನೇ ಸೆಕ್ಷನ್ ಕೊಡುವ ಆಧಾರಗಳಲ್ಲಿ ಒಂದು ಹಾಗೆಯೇ ಇಳಿದು ಬಂದಿದೆ. ವಂಚನೆಯೋ, ತಪ್ಪು ಹೇಳಿಕೆಯೋ, ಮುಚ್ಚಿಟ್ಟದ್ದೋ ಎಂದು ಅದು ಹೇಳುವುದಿಲ್ಲ, ಏನನ್ನು ಮುಚ್ಚಿಟ್ಟರು ಎಂದೂ ಹೇಳುವುದಿಲ್ಲ. ಉತ್ತರ ಕೊಡಲು ಏಳು ಕೆಲಸದ ದಿನಗಳಿವೆ. ನೋಟಿಸ್ ಹೊರಟ ದಿನದಿಂದಲೇ ನೋಂದಣಿ ಅಮಾನತಿನಲ್ಲಿಯೂ ಇರಬಹುದು, ಅಂದರೆ ಅಷ್ಟರಲ್ಲೇ ವ್ಯಾಪಾರ ನಿಂತಿರುತ್ತದೆ.

ಅಂಗಡಿಯವರು ಏನೆಂದು ಉತ್ತರಿಸಬೇಕು? ತೋಚಿದ್ದನ್ನೆಲ್ಲ ಹಾಕುತ್ತಾರೆ: ಬಾಡಿಗೆ ಕರಾರು, ವಿದ್ಯುತ್ ಬಿಲ್, ಅಂಗಡಿಯ ಫೋಟೊ, ಹಿಂದಿನ ರಿಟರ್ನ್‌ಗಳು. ಕೆಲವು ದಿನಗಳ ನಂತರ REG-19 ನಮೂನೆಯಲ್ಲಿ ರದ್ದತಿಯ ಆದೇಶ ಬರುತ್ತದೆ. ಹೈಕೋರ್ಟ್‌ಗಳ ಮುಂದೆ ಬಂದ ಅನೇಕ ಆದೇಶಗಳು ಹೀಗಿದ್ದವು. ಮೊದಲ ಸಾಲು, ‘ಷೋಕಾಸ್ ನೋಟಿಸ್‌ಗೆ ತಾವು ಇಂಥ ದಿನಾಂಕದಂದು ಕೊಟ್ಟ ಉತ್ತರಕ್ಕೆ ಸಂಬಂಧಿಸಿದಂತೆ’ ಎನ್ನುತ್ತದೆ. ಅದರ ಕೆಳಗೇ ‘ಯಾವುದೇ ಉತ್ತರ ಸಲ್ಲಿಕೆಯಾಗಿಲ್ಲ’ ಎಂದಿರುತ್ತದೆ. ‘ಈ ಕೆಳಗಿನ ಕಾರಣಗಳಿಗಾಗಿ ನೋಂದಣಿ ರದ್ದತಿಗೆ ಅರ್ಹವಾಗಿದೆ’ ಎಂದು ಬರೆದಲ್ಲಿ ಕೆಳಗೆ ಏನೂ ಇರುವುದಿಲ್ಲ, ಇದ್ದರೂ ನೋಟಿಸ್‌ನ ಅದೇ ವಾಕ್ಯ ಇರುತ್ತದೆ. ಬಾಕಿ ತೆರಿಗೆಯ ಕೋಷ್ಟಕದ ತುಂಬ ಸೊನ್ನೆಗಳು. ರದ್ದತಿ ಜಾರಿಗೆ ಬರುವ ದಿನಾಂಕ ಮಾತ್ರ 2017ರ ಜುಲೈ 1.

ಈ ದಿನಾಂಕದ ಬಿಸಿ ಅಂಗಡಿಯವರಿಗಷ್ಟೇ ತಟ್ಟುವುದಿಲ್ಲ. ಹಿಂದಿನ ದಿನಾಂಕದಿಂದ ನೋಂದಣಿ ರದ್ದಾದರೆ, ಅಷ್ಟೂ ವರ್ಷ ಅವರಿಂದ ಸಿಮೆಂಟ್, ಕಬ್ಬಿಣ ಕೊಂಡು, ಆಗ ಕಟ್ಟಿದ ತೆರಿಗೆಗೆ ಹೂಡುವಳಿ ತೆರಿಗೆ ಜಮೆ ಪಡೆದ ಗುತ್ತಿಗೆದಾರರಿಗೂ ನೋಟಿಸ್ ಹೋಗಬಹುದು. ಹಿಂದಿನ ದಿನಾಂಕದಿಂದ ರದ್ದು ಮಾಡುವ ಅಧಿಕಾರವನ್ನು ಕಾಯ್ದೆ ಕೊಟ್ಟಿದೆ ನಿಜ. ಆದರೆ ಆ ಅಧಿಕಾರವನ್ನು ಯಾಂತ್ರಿಕವಾಗಿ ಬಳಸುವಂತಿಲ್ಲ, ಅಷ್ಟು ಹಿಂದಕ್ಕೆ ಏಕೆ ಹೋಗಬೇಕಾಯಿತು ಎಂಬುದಕ್ಕೂ ಆಧಾರ ಬೇಕು ಎಂದು ದೆಹಲಿ ಹೈಕೋರ್ಟ್ ಪದೇ ಪದೇ ಹೇಳಿದೆ. ರದ್ದತಿಗೆ ಒಂದು ಕಾರಣ ಬೇಕು, ಆ ದಿನಾಂಕಕ್ಕೆ ಇನ್ನೊಂದು ಕಾರಣ ಬೇಕು. ನಮ್ಮ ಅಂಗಡಿಯ ಆದೇಶದಲ್ಲಿ ಎರಡೂ ಇಲ್ಲ.

ಹಾಗಾದರೆ ಅಧಿಕಾರಿ ಎಷ್ಟು ಬರೆಯಬೇಕಿತ್ತು? ನಾಲ್ಕೇ ವಾಕ್ಯ ಸಾಕಿತ್ತು. ‘ಇದೇ ತಿಂಗಳ 12ರಂದು ಬೆಳಿಗ್ಗೆ 11.30ಕ್ಕೆ ಸ್ಥಳ ಪರಿಶೀಲನೆ ನಡೆಸಿದಾಗ ಮಳಿಗೆ ಮುಚ್ಚಿತ್ತು. ವ್ಯಾಪಾರಿಯು ಹಾಜರುಪಡಿಸಿದ ಬಾಡಿಗೆ ಕರಾರಿನ ಅವಧಿ ಕಳೆದ ಮಾರ್ಚ್‌ನಲ್ಲೇ ಮುಗಿದಿದೆ. ವಿದ್ಯುತ್ ಬಿಲ್ ಬೇರೊಬ್ಬರ ಹೆಸರಿನಲ್ಲಿದೆ. ಆದ್ದರಿಂದ ನೋಂದಾಯಿತ ವಿಳಾಸದಲ್ಲಿ ವ್ಯಾಪಾರ ನಡೆಯುತ್ತಿಲ್ಲವೆಂಬ ತೀರ್ಮಾನಕ್ಕೆ ಬಂದಿದ್ದೇನೆ.’ ಈ ತೀರ್ಮಾನ ತಪ್ಪಾಗಿರಬಹುದು. ಆದರೂ ಇದು ಸಕಾರಣ ಆದೇಶ. ಕೋರ್ಟು ಕಚೇರಿಗಳಲ್ಲಿ ಇದನ್ನೇ ‘ಸ್ಪೀಕಿಂಗ್ ಆರ್ಡರ್’ ಎನ್ನುತ್ತಾರೆ. ಏನಾಯಿತು, ಎದುರಿನವರು ಏನು ಕೊಟ್ಟರು, ಅದನ್ನು ಏಕೆ ಒಪ್ಪಲಿಲ್ಲ, ಕೊನೆಗೆ ತೀರ್ಮಾನವೇನು ಎಂಬುದು ಒಂದರಿಂದ ಇನ್ನೊಂದು ಹೊರಟಂತೆ ಇಲ್ಲಿದೆ. ಈಗ ಅಂಗಡಿಯವರು ಬಾಯಿ ತೆರೆಯಬಹುದು. 12ನೇ ತಾರೀಖು ಮಂಗಳವಾರ, ವಾರದ ರಜೆ, ಬೋರ್ಡಿನ ಮೇಲೆಯೇ ಬರೆದಿದೆ ಎನ್ನಬಹುದು. ಬಾಡಿಗೆದಾರರಾದ್ದರಿಂದ ಬಿಲ್ ಕಟ್ಟಡದ ಮಾಲೀಕರ ಹೆಸರಿನಲ್ಲಿಯೇ ಇರುತ್ತದೆ ಎನ್ನಬಹುದು. ನವೀಕರಿಸಿದ ಕರಾರನ್ನು ತೋರಿಸಬಹುದು.

ಕಾರಣದ ಬೆಲೆ ತಿಳಿಯುವುದು ಇಲ್ಲಿಯೇ. ತಪ್ಪು ಕಾರಣವನ್ನಾದರೂ ಎದುರಿಸಬಹುದು, ಇಲ್ಲದ ಕಾರಣವನ್ನು ಎದುರಿಸುವುದು ಹೇಗೆ? ಜಿಎಸ್‌ಟಿ ಕಾಯ್ದೆಯ 107ನೇ ಸೆಕ್ಷನ್ ಪ್ರಕಾರ ಮೂರು ತಿಂಗಳೊಳಗೆ ಮೇಲ್ಮನವಿ ಹಾಕಬಹುದು, ತಕ್ಕ ಕಾರಣವಿದ್ದರೆ ಇನ್ನೊಂದು ತಿಂಗಳು ಸಿಗುತ್ತದೆ. ಆದರೆ ಬರೀ ತೀರ್ಮಾನದ ಆದೇಶ ಮುಂದಿಟ್ಟುಕೊಂಡು ಮೇಲ್ಮನವಿಯಲ್ಲಿ ಏನನ್ನು ಅಲ್ಲಗಳೆಯುವುದು? ಮೇಲ್ಮನವಿ ಪ್ರಾಧಿಕಾರವಾದರೂ ಏನನ್ನು ಪರಿಶೀಲಿಸುವುದು? ಕಾರಣವಿಲ್ಲದ ಆದೇಶ ಕಾಯ್ದೆ ಕೊಟ್ಟ ಮೇಲ್ಮನವಿಯ ಹಕ್ಕನ್ನೇ ಟೊಳ್ಳು ಮಾಡುತ್ತದೆ. ಇದನ್ನು ಸಹಜ ನ್ಯಾಯದ, ಅಂದರೆ ಬಾಧಿತರಿಗೆ ತಮ್ಮ ಮಾತು ಹೇಳಲು ನ್ಯಾಯಯುತ ಅವಕಾಶ ಕೊಡಬೇಕೆಂಬ ತತ್ವದ ಉಲ್ಲಂಘನೆ ಎಂದು ಪರಿಗಣಿಸುವುದರಿಂದಲೇ, ಮೇಲ್ಮನವಿಯ ದಾರಿ ಇದ್ದರೂ ಹೈಕೋರ್ಟ್‌ಗಳು ಇಂಥ ಪ್ರಕರಣಗಳಲ್ಲಿ ರಿಟ್ ಅರ್ಜಿಯನ್ನು ಕೈಗೆತ್ತಿಕೊಳ್ಳುತ್ತವೆ.

ಅಧಿಕಾರಿಗಳು ಹೀಗೇಕೆ ಬರೆಯುತ್ತಾರೆ? ಎಲ್ಲವನ್ನೂ ದುರುದ್ದೇಶ ಎನ್ನಲು ನಾನು ಸಿದ್ಧನಿಲ್ಲ. ಗುಜರಾತ್ ಹೈಕೋರ್ಟಿನ ಮುಂದೆ 2022ರಲ್ಲಿ ಅಗರ್ವಾಲ್ ಡೈಯಿಂಗ್ ಪ್ರಕರಣದ ವಿಚಾರಣೆ ನಡೆದಾಗ ಪೋರ್ಟಲ್‌ನ ತಾಂತ್ರಿಕ ತೊಡಕಿನ ಮಾತು ಬಂತು. ನ್ಯಾಯಾಲಯ ಆ ಸಬೂಬನ್ನು ಒಪ್ಪಲಿಲ್ಲ. ತಂತ್ರಾಂಶ ಸರಿಯಾಗುವವರೆಗೆ ಕಾರಣಗಳನ್ನೊಳಗೊಂಡ ನೋಟಿಸ್ ಮತ್ತು ಆದೇಶಗಳನ್ನು ಕಾಗದದ ಮೇಲೆಯೇ ಕೊಡಿ ಎಂದಿತು. ಪಟ್ಟಿಯಿಂದ ಒಂದು ಸಾಲು ಆರಿಸಿ ಗುಂಡಿ ಒತ್ತಿದರೆ ಆದೇಶ ಹೊರಡುವ ವ್ಯವಸ್ಥೆಯಲ್ಲಿ ಅಧಿಕಾರಿಯ ಕೈ ಆಡಿರುತ್ತದೆ, ಮನಸ್ಸು ಆಡಿರಲೇಬೇಕೆಂದಿಲ್ಲ. ಯಂತ್ರದ ಮಿತಿ ನಾಗರಿಕನ ಹಕ್ಕಿನ ಮಿತಿಯಾಗಕೂಡದು ಎಂಬ ನಿಲುವು ನನಗೆ ಪೂರ್ತಿ ಸರಿ ಎನಿಸುತ್ತದೆ.

ಇಷ್ಟು ಓದಿದವರಿಗೆ, ಆದೇಶ ಗಿಡ್ಡವಾಗಿರುವುದೇ ದೋಷ ಎನಿಸಬಹುದು. ಹಾಗಲ್ಲ. ಉದ್ದದ ಆದೇಶದಲ್ಲೂ ಕಾರಣ ಇಲ್ಲದಿರಬಹುದು. ಇದಕ್ಕೆ ನಿದರ್ಶನ ನಮ್ಮ ಬೆಂಗಳೂರಿನದೇ. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಪ್ರತಿಭಟನೆಗಳು ನಡೆಯುತ್ತಿದ್ದ 2019ರ ಡಿಸೆಂಬರ್ 18ರಂದು ನಗರದ ಪೊಲೀಸ್ ಆಯುಕ್ತರು ಅಂದಿನ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಸೆಕ್ಷನ್ ಅಡಿ ನಿಷೇಧಾಜ್ಞೆ ಹೊರಡಿಸಿದರು. 19ರಿಂದ 21ರವರೆಗೆ ಅದು ಜಾರಿಯಲ್ಲಿತ್ತು. ಮೊದಲೇ ಅನುಮತಿ ಕೊಟ್ಟಿದ್ದ ಸಭೆಗಳೂ ಅದರಿಂದ ನಿಂತುಹೋದವು. ಆ ಸೆಕ್ಷನ್ನಿನಲ್ಲೇ, ಆದೇಶದಲ್ಲಿ ಪ್ರಕರಣದ ಮುಖ್ಯ ಸಂಗತಿಗಳನ್ನು ಹೇಳಬೇಕು ಎಂಬ ಮಾತಿತ್ತು. ಈಗ ಅದರ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ನಿನಲ್ಲೂ ಆ ಮಾತು ಉಳಿದಿದೆ.

ಆಯುಕ್ತರ ಆದೇಶ ಬರಿದಾಗಿರಲಿಲ್ಲ. ಉಪ ಆಯುಕ್ತರುಗಳು ಕಳುಹಿಸಿದ ಪತ್ರಗಳ ಒಕ್ಕಣೆ ಅದರಲ್ಲಿತ್ತು. ಇಲ್ಲದ್ದು ಏನೆಂದರೆ, ಆ ಪತ್ರಗಳನ್ನು ಓದಿ ಆಯುಕ್ತರು ತಾವಾಗಿ ಏನು ವಿಚಾರ ಮಾಡಿದರು, ಇಡೀ ನಗರಕ್ಕೆ ನಿಷೇಧ ಹೇರದೆ ಬೇರೆ ದಾರಿ ಏಕಿರಲಿಲ್ಲ ಎಂಬುದು. ಕೈಕೆಳಗಿನವರ ವರದಿಯನ್ನು ನಕಲು ಮಾಡುವುದು ಒಂದು, ಅದನ್ನು ತೂಗಿ ಅಭಿಪ್ರಾಯಕ್ಕೆ ಬರುವುದು ಇನ್ನೊಂದು. ಕರ್ನಾಟಕ ಹೈಕೋರ್ಟಿನ ಅಂದಿನ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ನೇತೃತ್ವದ ವಿಭಾಗೀಯ ಪೀಠ 2020ರ ಫೆಬ್ರುವರಿಯಲ್ಲಿ ಈ ನಿಷೇಧಾಜ್ಞೆಯನ್ನು ಕಾನೂನುಬಾಹಿರ ಎಂದಿತು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಸುಪ್ರೀಂ ಕೋರ್ಟ್ ಕಾಶ್ಮೀರದ ಇಂಟರ್‌ನೆಟ್ ಸ್ಥಗಿತಕ್ಕೆ ಸಂಬಂಧಿಸಿದ ಅನುರಾಧಾ ಭಸೀನ್ ಪ್ರಕರಣದಲ್ಲಿ, ಇಂಥ ನಿರ್ಬಂಧದ ಆದೇಶಗಳನ್ನು ಪ್ರಕಟಿಸಬೇಕು, ಅವು ಸಕಾರಣವಾಗಿರಬೇಕು ಎಂದು ಹೇಳಿತ್ತು. ಬೆಂಗಳೂರಿನ ಆದೇಶ ಆ ಒರೆಗಲ್ಲಿಗೆ ನಿಲ್ಲಲಿಲ್ಲ. ತೀರ್ಪು ಬರುವ ಹೊತ್ತಿಗೆ ಆ ಮೂರು ದಿನಗಳು ಕಳೆದು ಸುಮಾರು ಎರಡು ತಿಂಗಳಾಗಿತ್ತು ಎಂಬುದು ಬೇರೆಯೇ ನೋವು.

ಕಾಯ್ದೆಯ ಪದಗಳನ್ನೇ ತಿರುಗಿಸಿ ಬರೆದರೂ ಇದೇ ಗತಿ. 1986ರ ರಾಮ್ ಚಂದರ್ ಪ್ರಕರಣದಲ್ಲಿ ರೈಲ್ವೆ ನೌಕರರೊಬ್ಬರ ಮೇಲ್ಮನವಿಯನ್ನು ವಜಾ ಮಾಡಿದ ಆದೇಶದಲ್ಲಿ ಇದ್ದದ್ದು ಶಿಸ್ತು ನಿಯಮದ ಪದಗಳೇ. ಮೇಲ್ಮನವಿ ಪ್ರಾಧಿಕಾರ ಯಾವ ಯಾವ ಅಂಶ ನೋಡಬೇಕು ಎಂದು ನಿಯಮ ಹೇಳುತ್ತದೆಯೋ, ಆ ಅಂಶಗಳನ್ನೆಲ್ಲ ನೋಡಲಾಗಿದೆ ಎಂದು ಆದೇಶ ಹೇಳಿತ್ತು, ಅಷ್ಟೆ. ಸುಪ್ರೀಂ ಕೋರ್ಟ್ ಅದನ್ನು ಯಾಂತ್ರಿಕ ಪುನರುಚ್ಚಾರ ಎಂದು ತಳ್ಳಿಹಾಕಿತು. 2010ರ ಕ್ರಾಂತಿ ಅಸೋಸಿಯೇಟ್ಸ್ ತೀರ್ಪು ಇದಕ್ಕೆ ‘ರಬ್ಬರ್ ಸ್ಟಾಂಪ್ ಕಾರಣ’ ಎಂಬ ಹೆಸರನ್ನೇ ಕೊಟ್ಟಿತು. ನಿಮ್ಮ ಆದೇಶ ಈ ಜಾತಿಯದೇ ಎಂದು ತಿಳಿಯಲು ಒಂದು ಸರಳ ಉಪಾಯವಿದೆ. ನಿಮ್ಮ ಹೆಸರು, ವಿಳಾಸ, ದಿನಾಂಕಗಳನ್ನು ಬೆರಳಿನಿಂದ ಮುಚ್ಚಿ ಓದಿ. ಉಳಿದದ್ದು ನಿಮ್ಮ ಪಕ್ಕದ ಅರ್ಜಿದಾರರಿಗೂ, ಅವರ ಪಕ್ಕದವರಿಗೂ ಹೊಂದುವಂತಿದ್ದರೆ ಅದರಲ್ಲಿ ನಿಮ್ಮ ಪ್ರಕರಣದ ಕಾರಣ ಇಲ್ಲ.

ರಿಟ್ ಅರ್ಜಿ ದಾಖಲಾದ ಮೇಲೆ ಒಂದು ವಿಚಿತ್ರ ನಡೆಯುತ್ತದೆ. ಮೂರು ಸಾಲಿನ ಆದೇಶ ಕೊಟ್ಟಿದ್ದ ಕಚೇರಿಯಿಂದ ಹತ್ತಾರು ಪುಟದ ಆಕ್ಷೇಪಣೆ ಬರುತ್ತದೆ. ಅಂದು ಹೇಳದ ಕಾರಣಗಳೆಲ್ಲ ಅದರಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಈ ಬಾಗಿಲನ್ನು ಸುಪ್ರೀಂ ಕೋರ್ಟ್ ಮುಚ್ಚಿ ಬಹಳ ಕಾಲವಾಯಿತು. 1951ರಲ್ಲಿ ತೀರ್ಮಾನವಾದ ಗೋರ್ಧನದಾಸ್ ಭಾನ್‌ಜಿ ಪ್ರಕರಣದ ಕತೆ ಕೇಳಬೇಕಾದದ್ದು. ಮುಂಬೈನ ಅಂಧೇರಿಯಲ್ಲಿ ಚಿತ್ರಮಂದಿರ ಕಟ್ಟಲು ಕೊಟ್ಟಿದ್ದ ಅನುಮತಿ ರದ್ದಾಯಿತು. ರದ್ದು ಮಾಡುವ ಅಧಿಕಾರ ಇದ್ದದ್ದು ಪೊಲೀಸ್ ಆಯುಕ್ತರಿಗೆ. ಅವರ ಪತ್ರದಲ್ಲಿ ಮಾತ್ರ, ಅನುಮತಿ ರದ್ದಾಗಿದೆ ಎಂದು ತಿಳಿಸಲು ಸರ್ಕಾರ ತಮಗೆ ನಿರ್ದೇಶಿಸಿದೆ ಎಂದಿತ್ತು. ಕೋರ್ಟಿಗೆ ಬಂದಾಗ ಆಯುಕ್ತರು, ತೀರ್ಮಾನ ತಮ್ಮದೇ ಎಂದು ವಾದಿಸಿದರು. ನ್ಯಾಯಮೂರ್ತಿ ವಿವಿಯನ್ ಬೋಸ್ ಒಪ್ಪಲಿಲ್ಲ. ಸಾರ್ವಜನಿಕ ಆದೇಶದ ಅರ್ಥವನ್ನು ಅದರ ಮಾತುಗಳಿಂದಲೇ ತಿಳಿಯಬೇಕು, ಬರೆದವರ ಮನಸ್ಸಿನಲ್ಲಿ ಏನಿತ್ತು ಎಂಬ ನಂತರದ ವಿವರಣೆಯಿಂದಲ್ಲ ಎಂದರು. ಅಧಿಕಾರ ಇದ್ದವರು ಅದನ್ನು ತಾವಾಗಿ ಚಲಾಯಿಸದೆ ಮೇಲಿನವರ ಅಪ್ಪಣೆಗೆ ತಲೆಬಾಗಿದ್ದು ಆ ಪತ್ರದ ಒಂದು ವಾಕ್ಯದಿಂದ ಬಯಲಾಗಿತ್ತು.

1977ರ ಲೋಕಸಭಾ ಚುನಾವಣೆಯಲ್ಲಿ ಪಂಜಾಬಿನ ಫಿರೋಜ್‌ಪುರ ಕ್ಷೇತ್ರದ ಮತದಾನವನ್ನು ಚುನಾವಣಾ ಆಯೋಗ ರದ್ದು ಮಾಡಿದ್ದರಿಂದ ಹುಟ್ಟಿದ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದೇ ಸೂತ್ರವನ್ನು ಗಟ್ಟಿ ಮಾಡಿದರು. ಆದೇಶದ ಸಿಂಧುತ್ವವನ್ನು ಅದರಲ್ಲಿ ಹೇಳಿರುವ ಕಾರಣಗಳಿಂದಲೇ ಅಳೆಯಬೇಕು, ಅಫಿಡವಿಟ್‌ನಲ್ಲಿ ಹೊಸ ಕಾರಣ ಸೇರಿಸುವಂತಿಲ್ಲ. ಇಲ್ಲವಾದರೆ ಹುಟ್ಟುವಾಗಲೇ ಕೆಟ್ಟಿದ್ದ ಆದೇಶ ಕೋರ್ಟ್ ತಲುಪುವ ಹೊತ್ತಿಗೆ ಸರಿಯಾಗಿಬಿಡುತ್ತದೆ. ಸಾರ್ವಜನಿಕ ಹಿತಾಸಕ್ತಿ ದೊಡ್ಡದಿದ್ದ ಕೆಲವು ಪ್ರಕರಣಗಳಲ್ಲಿ, ಉದಾಹರಣೆಗೆ ಸಾಮೂಹಿಕ ನಕಲು ನಡೆದಿದೆ ಎಂಬ ಕಾರಣಕ್ಕೆ ರದ್ದಾದ ರೈಲ್ವೆ ನೇಮಕಾತಿ ಪರೀಕ್ಷೆಯ ಪ್ರಕರಣದಲ್ಲಿ, ನಂತರ ಸಿಕ್ಕ ಸಾಕ್ಷ್ಯವನ್ನೂ ಸುಪ್ರೀಂ ಕೋರ್ಟ್ ನೋಡಿದ್ದುಂಟು. ಅದು ಅಪವಾದ. ಕಡತದ ಟಿಪ್ಪಣಿ ಹಾಳೆಯಲ್ಲಿ ಆದೇಶಕ್ಕೆ ಮುಂಚೆಯೇ ಬರೆದ ಕಾರಣಗಳ ವಿಚಾರವೂ ಬೇರೆ. ಅವು ಆಮೇಲೆ ಹೊಸೆದವಲ್ಲ, ಹಾಗಾಗಿ ನ್ಯಾಯಾಲಯಗಳು ಕಡತ ತರಿಸಿ ನೋಡುತ್ತವೆ. ಆದ್ದರಿಂದ ಬರಿದಾದ ಆದೇಶ ಸಿಕ್ಕವರು ಆ ಟಿಪ್ಪಣಿಗಳ ಪ್ರತಿಗಾಗಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕುವುದು ಒಳ್ಳೆಯದು. ಬಾಧಿತರಿಗೆ ತೀರ್ಮಾನದ ಕಾರಣ ತಿಳಿಸುವುದು ಸಾರ್ವಜನಿಕ ಪ್ರಾಧಿಕಾರದ ಹೊಣೆ ಎಂದು 2005ರ ಆ ಕಾಯ್ದೆಯ 4ನೇ ಸೆಕ್ಷನ್ ಕೂಡ ಹೇಳುತ್ತದೆ.

ಎಲ್ಲ ಆದೇಶಗಳಿಗೂ ಈ ನಿಯಮ ಒಂದೇ ಬಿಗಿಯಲ್ಲಿ ಅನ್ವಯಿಸುವುದಿಲ್ಲ. ಮುಖರ್ಜಿ ಪ್ರಕರಣದಲ್ಲಿಯೇ, ಕೋರ್ಟ್ ಮಾರ್ಷಲ್ ತೀರ್ಪನ್ನು ದೃಢೀಕರಿಸುವಾಗ ಕಾರಣ ಬೇಕಿಲ್ಲ ಎಂಬುದು ಸೇನಾ ಕಾಯ್ದೆಯ ರಚನೆಯಿಂದಲೇ ಹೊರಡುತ್ತದೆ ಎಂದು ಪೀಠ ಹೇಳಿತು. ಹೀಗೆ ನಿಯಮವನ್ನು ಸಾರಿದ ಪ್ರಕರಣದಲ್ಲೇ ಅರ್ಜಿದಾರರು ಸೋತರು. ಬೆಂಗಳೂರಿನ ನಿಮ್ಹಾನ್ಸ್‌ನ ನೇಮಕಾತಿಗೆ ಸಂಬಂಧಿಸಿದ 1990ರ ದಶಕದ ಪ್ರಕರಣದಲ್ಲಿ, ಅಭ್ಯರ್ಥಿಗಳ ಯೋಗ್ಯತೆ ಅಳೆಯುವ ಆಯ್ಕೆ ಸಮಿತಿ, ನಿಯಮ ಕೇಳದಿದ್ದರೆ, ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಏಕೆ ಆರಿಸಿತು ಎಂದು ಕಾರಣ ಬರೆಯಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಮೇಲ್ಮನವಿ ಪ್ರಾಧಿಕಾರ ಕೆಳಗಿನ ಸಕಾರಣ ಆದೇಶವನ್ನು ಪೂರ್ತಿ ಒಪ್ಪುವುದಾದರೆ ಸಾಮಾನ್ಯವಾಗಿ ಅಷ್ಟನ್ನೂ ಮತ್ತೆ ಬರೆಯಬೇಕಿಲ್ಲ. ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ಕಾರಣ ಮುಚ್ಚಿಡುವ ಅವಕಾಶ ಮಾತ್ರ ಹಿಂದಿಗಿಂತ ಕಿರಿದಾಗಿದೆ. ಮಲಯಾಳದ ಮೀಡಿಯಾ ಒನ್ ವಾಹಿನಿಗೆ ಭದ್ರತಾ ಅನುಮೋದನೆ ನಿರಾಕರಿಸಿ, ಅದರ ಕಾರಣವನ್ನು ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಧೀಶರಿಗಷ್ಟೇ ಕೊಟ್ಟಿದ್ದನ್ನು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಒಪ್ಪಲಿಲ್ಲ. ಭದ್ರತೆ ಎಂಬ ಪದ ಉಚ್ಚರಿಸಿದ ಮಾತ್ರಕ್ಕೆ ಸಹಜ ನ್ಯಾಯ ಬದಿಗೆ ಸರಿಯುವುದಿಲ್ಲ ಎಂದಿತು.

ಕೊನೆಗೆ, ಗೆದ್ದರೆ ಸಿಗುವುದೇನು ಎಂಬುದನ್ನು ಅರ್ಜಿ ಹಾಕುವ ಮುನ್ನವೇ ತಿಳಿದಿರಬೇಕು. ಕಾರಣವಿಲ್ಲವೆಂದು ಆದೇಶ ರದ್ದಾದಾಗ ನ್ಯಾಯಾಲಯ ಸಾಮಾನ್ಯವಾಗಿ ಅಧಿಕಾರಿಯ ಕುರ್ಚಿಯಲ್ಲಿ ತಾನು ಕೂರುವುದಿಲ್ಲ. ಹೊಸದಾಗಿ ನೋಟಿಸ್ ಕೊಟ್ಟು, ಉತ್ತರ ಪಡೆದು, ಅಹವಾಲು ಆಲಿಸಿ ಇಂತಿಷ್ಟು ವಾರಗಳಲ್ಲಿ ಸಕಾರಣ ಆದೇಶ ಮಾಡಿ ಎಂದು ಪ್ರಕರಣವನ್ನು ವಾಪಸು ಕಳುಹಿಸುತ್ತದೆ. ಅದೇ ಅಧಿಕಾರಿ ಅದೇ ತೀರ್ಮಾನಕ್ಕೆ ಮತ್ತೆ ಬರಬಹುದು. ಹಾಗಾಗಿ ರಿಟ್ ಅರ್ಜಿಯಲ್ಲಿ ಆದೇಶದ ರದ್ದತಿಯ ಜೊತೆಗೆ, ಮರುವಿಚಾರಣೆ ಮುಗಿಯುವವರೆಗೆ ನೋಂದಣಿ ಜೀವಂತವಾಗಿರಲಿ ಎಂದೂ, ಕಾಲಮಿತಿ ನಿಗದಿಯಾಗಲಿ ಎಂದೂ ಕೇಳಿಕೊಳ್ಳಬೇಕು. ಇವೆರಡು ಇಲ್ಲದಿದ್ದರೆ ಗೆಲುವು ಕಾಗದದ ಮೇಲೆ ಉಳಿದು ಅಂಗಡಿಯ ಬಾಗಿಲು ಮುಚ್ಚಿಯೇ ಇರುತ್ತದೆ.

ನಮ್ಮ ಹಾರ್ಡ್‌ವೇರ್ ಅಂಗಡಿಯವರು ಇವೆರಡನ್ನೂ ಪಡೆದರು ಎಂದುಕೊಳ್ಳೋಣ. ಈ ಸಲದ ನೋಟಿಸ್‌ನಲ್ಲಿ ಸ್ಥಳ ಪರಿಶೀಲನೆಯ ದಿನಾಂಕ, ವೇಳೆ, ಮುಚ್ಚಿದ ಬಾಗಿಲಿನ ಫೋಟೊ ಎಲ್ಲವೂ ಇವೆ. ಅವರು ಆ ಫೋಟೊವನ್ನು ದೊಡ್ಡದು ಮಾಡಿ ನೋಡುತ್ತಾರೆ. ಷಟರ್‌ನ ಮೇಲಿನ ಬೋರ್ಡಿನ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ‘ಮಂಗಳವಾರ ರಜೆ’ ಎಂದಿದೆ. ಉತ್ತರದ ಮೊದಲ ವಾಕ್ಯ ಅವರಿಗೆ ಸಿಕ್ಕಿತು.